ಶನಿವಾರ ಬೆಳಗಿನ ಜಾವ ನ್ಯಾಸ್ ಕಳ್ಸಿದ ಮೇಲ್: ನಮ್ಮ ಮಂಡ್ಯ ಪ್ರೆಸ್ ಕಥೆ, ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಮಂಡ್ಯದ ವಿ.ವಿ. ರಸ್ತೆ ಹತ್ರ ನಮ್ದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಜಾತ್ರೆ ಪೋಸ್ಟರು, ಇಂಥವೇ ಕೆಲಸ. ಹೋದ ಫೆಬ್ರವರಿಲಿ ನಮ್ಮ ನ್ಯಾಸ್‌ನಲ್ಲಿ ಒಂದು ಡಿಸ್ಕ್ ಕೈ ಕೊಡ್ತು, ಆದ್ರೆ ಕೈ ಕೊಡೋಕೆ ಒಂದೂವರೆ ದಿನ ಮೊದ್ಲು ಮೇಲ್ ಬಂದಿತ್ತು, ಅದ್ರಿಂದ ಒಂದೇ ಒಂದು ಫೈಲೂ ಹೋಗ್ಲಿಲ್ಲ. ಈ ವಿಷ್ಯ ಅಕ್ಕಪಕ್ಕದ ಪ್ರೆಸ್‌ನವ್ರಿಗೆ ಗೊತ್ತಾದ್ಮೇಲೆ ದಿನಾ ಯಾರಾದ್ರೂ ಫೋನ್ ಮಾಡಿ ಕೇಳ್ತಾನೇ ಇದಾರೆ. ಕೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಬರ್ದಿದೀನಿ.

ನ್ಯಾಸ್ ಅಂದ್ರೆ ಏನಣ್ಣ, ನಿಮ್ಮತ್ರ ಇರೋದು ಯಾವ್ದು?

ಅಂಗಡಿಲಿರೋ ಎಲ್ಲಾ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೇಲೆ ಬಳಸೋ ಒಂದು ಫೈಲ್ ಪೆಟ್ಟಿಗೆ, ಅಷ್ಟೆ. ಕೆಲವರು ರೆಡಿಮೇಡ್ ತಗೋತಾರೆ. ನಮ್ದು ಹಳೇ ಅಸೆಂಬಲ್ಡ್ ಪಿಸಿ, ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ನನ್ನ ಬಾಮೈದ ಮಾಡ್ಕೊಟ್ಟಿದ್ದು. ಸಿಸ್ಟಮ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ, ಫೈಲ್‌ಗಳಿಗೆ 4 ಟಿಬಿದು ಎರಡು ಹಾರ್ಡ್ ಡಿಸ್ಕು. ಎರಡ್ರಲ್ಲೂ ಒಂದೇ ಮಾಲು ಇರುತ್ತೆ, ಅದನ್ನೇ ರೇಡ್ 1 ಅನ್ನೋದು, ಒಂದು ಹೋದ್ರೆ ಇನ್ನೊಂದ್ರಲ್ಲಿ ಕೆಲಸ ನಡಿಯುತ್ತೆ. ಒಳಗೆ ಹತ್ರತ್ರ 1.6 ಟಿಬಿ ಫೈಲಿತ್ತು, ಹನ್ನೊಂದು ವರ್ಷದ ಕೆಲಸ.

ಮೇಲ್‌ನಲ್ಲಿ ಏನಂತ ಬರ್ದಿತ್ತು?

ಶನಿವಾರ ಬೆಳಗಿನ ಜಾವ 5:12ಕ್ಕೆ ಬಂದಿದೆ, ನಾನು ನೋಡಿದ್ದು ಆರೂವರೆಗೆ, ಕಾಫಿ ಕುಡಿತಾ ಮೊಬೈಲ್ ತೆಗ್ದಾಗ. ಉದ್ದ ಮೇಲ್, ಆದ್ರೆ ಬೇಕಾಗಿರೋದು ಇಷ್ಟೇ:

```
Subject: SMART error (CurrentPendingSector) detected on host: pressnas

Device: /dev/sdb [SAT], 8 Currently unreadable (pending) sectors
```

ನಂಗೆ ಇಂಗ್ಲಿಷ್ ಓದೋಕೆ ಬರುತ್ತೆ, ಆದ್ರೂ ಇದೇನು ಅಂತ ಹೊಳೀಲಿಲ್ಲ, ಅದ್ರಲ್ಲಿರೋ ಎಂಟು ಅನ್ನೋ ನಂಬರ್ ಮಾತ್ರ ಕಣ್ಣಿಗೆ ಹೊಡೀತು. ಬೆಂಗಳೂರಲ್ಲಿರೋ ಬಾಮೈದಂಗೆ ಫೋನ್ ಮಾಡಿ ಓದಿ ಹೇಳ್ದೆ. ಅವ್ನು ಮಲಗಿದ್ದೋನು ಎದ್ದು ಕೂತು ಮೊದಲು ಹೇಳಿದ್ದು, "ಭಾವ, ಅದನ್ನ ಆಫ್ ಮಾಡ್ಬೇಡಿ, ರೀಸ್ಟಾರ್ಟೂ ಮಾಡ್ಬೇಡಿ, ನಾನು ಬರೋಗಂಟ ಯಾರ್ ಕೈಲೂ ಮುಟ್ಟಿಸ್ಬೇಡಿ". ನಾನು ಆಫ್ ಮಾಡಿ ಆನ್ ಮಾಡೋಣ ಅಂತಾನೇ ಇದ್ದೆ.

ಎಂಟು ಸೆಕ್ಟರ್ ಅಂದ್ರೆ ಏನು? ಎಂಟೇ ಅಲ್ವಾ, ಅದಕ್ಯಾಕೆ ಇಷ್ಟು ಗಾಬರಿ?

ಇದನ್ನ ಬಾಮೈದ ನಂಗೆ ಬಿಡಿಸಿ ಹೇಳಿದ್ದು ಹಿಂಗೆ. ಡಿಸ್ಕ್ ಲೆಕ್ಕ ಕೊಡೋದು 512 ಬೈಟಿನ ಸೆಕ್ಟರ್‌ಗಳಲ್ಲಿ, ಆದ್ರೆ ಈಗಿನ ದೊಡ್ಡ ಡಿಸ್ಕ್‌ಗಳ ಒಳಗೆ ನಿಜವಾದ ತುಂಡು 4096 ಬೈಟಿಂದು. 512ನ ಎಂಟು ಸಲ ಸೇರಿಸಿದ್ರೆ 4096. ಅದಕ್ಕೇ ಎಂಟು ಅಂತ ಬಂದ್ರೆ ಡಿಸ್ಕ್ ಒಳಗೆ ತಿರುಗೋ ತಟ್ಟೆ ಮೇಲೆ ಒಂದು ಜಾಗ ಓದೋಕೆ ಆಗ್ತಿಲ್ಲ ಅಂತ ಅರ್ಥ, ನಂಬರ್ ಬೆಳೆದಾಗ್ಲೂ ಸಾಮಾನ್ಯವಾಗಿ 16, 24 ಅಂತ ಎಂಟೆಂಟರಲ್ಲೇ ಬೆಳಿಯುತ್ತೆ.

ಪೆಂಡಿಂಗ್ ಅನ್ನೋ ಪದಕ್ಕೂ ಅರ್ಥ ಇದೆ. ಡಿಸ್ಕ್ ಆ ಜಾಗನ ಓದೋಕೆ ನೋಡ್ತು, ಆಗ್ಲಿಲ್ಲ, ಆದ್ರೆ ಅದನ್ನ ಇನ್ನೂ ಕೈ ಬಿಟ್ಟಿಲ್ಲ, ಯಾರಾದ್ರೂ ಅಲ್ಲಿಗೆ ಹೊಸದಾಗಿ ಬರೆದ್ರೆ ನೋಡೋಣ ಅಂತ ಕಾಯ್ತಾ ಇರುತ್ತೆ. ಬರೆದಾಗ ಸರಿಹೋದ್ರೆ ಲೆಕ್ಕ ಕಮ್ಮಿ ಆಗುತ್ತೆ. ಸರಿಹೋಗ್ದಿದ್ರೆ ಡಿಸ್ಕ್ ತನ್ನತ್ರ ಇಟ್ಕೊಂಡಿರೋ ಸ್ಪೇರ್ ಜಾಗಕ್ಕೆ ಅದನ್ನ ಬದಲಾಯಿಸುತ್ತೆ, ಆಗ ಇನ್ನೊಂದು ಲೆಕ್ಕ, `Reallocated_Sector_Ct` ಅನ್ನೋದು, ಏರುತ್ತೆ.

ಅಂದ್ರೆ ಎಂಟು ಬಂದ ತಕ್ಷಣ ಡಿಸ್ಕ್ ಸತ್ತೇ ಹೋಯ್ತು ಅಂತ ಏನಲ್ಲ. ಕೆಲವು ಡಿಸ್ಕ್ ಎಂಟಾಗಿ, ಸರಿಯಾಗಿ, ವರ್ಷಗಟ್ಟಲೆ ನಡೆದಿರೋದೂ ಉಂಟಂತೆ. ಆದ್ರೆ ಗೂಗಲ್‌ನೋರು 2007ರಲ್ಲಿ ತಮ್ಮ ಡಿಸ್ಕ್‌ಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಬರೆದ್ರು, ಸ್ಕ್ಯಾನ್‌ನಲ್ಲಿ ಮೊದಲ ಎರರ್ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಹಾಳಾಗೋ ಸಾಧ್ಯತೆ ಎರರ್ ಇಲ್ದಿರೋ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಅಂತ ಅದ್ರಲ್ಲಿದೆ. ಮನೇಲಿ ಸಿನಿಮಾ ಇಟ್ಕೊಂಡಿರೋ ಡಿಸ್ಕ್ ಆಗಿದ್ರೆ ಕಾದು ನೋಡ್ಬಹುದಿತ್ತು. ಮದುವೆ ಸೀಸನ್‌ನಲ್ಲಿ ಪ್ರೆಸ್ ನಡೆಸೋನು ಕಾಯೋ ಹಂಗಿಲ್ಲ.

ಸಮಯಕ್ಕೆ ಸರಿಯಾಗಿ ಬಂತು ಅಂತೀರಲ್ಲ, ಮೇಲ್ ಬರೋದು ಮಾಮೂಲಿ ಅಲ್ವಾ?

ಇದೇ ಕಥೇಲಿ ದೊಡ್ಡ ವಿಷ್ಯ, ಸ್ವಲ್ಪ ಪುರುಸೊತ್ತಾಗಿ ಓದಿ.

ಹೋದ ದೀಪಾವಳಿ ಹೊತ್ತಿಗೆ ನನ್ನ ಮೊಬೈಲ್ ಬಸ್ಸಲ್ಲಿ ಕಳ್ದೋಯ್ತು. ಭಯಕ್ಕೆ ಅವತ್ತೇ ಜಿಮೇಲ್ ಪಾಸ್‌ವರ್ಡ್ ಬದಲಾಯಿಸ್ದೆ. ನ್ಯಾಸ್ ಮೇಲ್ ಕಳ್ಸೋದು ಅದೇ ಜಿಮೇಲ್ ಅಕೌಂಟ್ ಮೂಲಕ, ಅದಕ್ಕೆ ಮಾಮೂಲಿ ಪಾಸ್‌ವರ್ಡ್ ಅಲ್ಲ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಅಂತ ಬೇರೆ ಕೊಟ್ಟಿರ್ತೀವಿ. ನಂಗೆ ಗೊತ್ತಿಲ್ದೇ ಇದ್ದಿದ್ದು ಏನಂದ್ರೆ, ಅಕೌಂಟ್ ಪಾಸ್‌ವರ್ಡ್ ಬದಲಾಯಿಸಿದ್ರೆ ಹಳೇ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗ್ತವೆ. ಅವತ್ತಿಂದ ನ್ಯಾಸ್ ಮೂಗನಾಗಿತ್ತು. ಮೇಲ್ ಬರ್ತಿಲ್ಲ ಅಂತ ನಂಗೆ ಅನುಮಾನಾನೇ ಬರ್ಲಿಲ್ಲ, ಯಾಕಂದ್ರೆ ಎಲ್ಲಾ ಸರಿ ಇದ್ರೂ ಮೇಲ್ ಬರಲ್ಲ, ಕಳ್ಸೋಕೆ ಆಗ್ದೇ ಇದ್ರೂ ಬರಲ್ಲ, ನೋಡೋನಿಗೆ ಎರಡೂ ಒಂದೇ ಥರ ಕಾಣುತ್ತೆ.

ಸಂಕ್ರಾಂತಿಗೆ ಬಾಮೈದ ಎಳ್ಳು ಬೆಲ್ಲ ಕೊಡೋಕೆ ಬಂದೋನು ಅಂಗಡಿಗೂ ಬಂದ. "ಭಾವ, ಒಂದು ಟೆಸ್ಟ್ ಮೇಲ್ ಕಳ್ಸಿ ನೋಡ್ತೀನಿ" ಅಂದ. ಬರ್ಲಿಲ್ಲ. ಸ್ಪ್ಯಾಮ್‌ನಲ್ಲಿ ನೋಡಿದ್ವಿ, ಅಲ್ಲೂ ಇಲ್ಲ. ಲಾಗ್ ತೆಗೆದ್ರೆ ಜಿಮೇಲ್ ಕಡೆಯಿಂದ ಈ ಉತ್ತರ ಸಾಲು ಸಾಲಾಗಿತ್ತು:

```
535-5.7.8 Username and Password not accepted
```

ಹೊಸ ಆ್ಯಪ್ ಪಾಸ್‌ವರ್ಡ್ ಮಾಡಿ ಹಾಕ್ದ, ಟೆಸ್ಟ್ ಮೇಲ್ ನನ್ನ ಮೊಬೈಲ್‌ಗೆ ಟಣ್ ಅಂತ ಬಂತು. ಅದಾಗಿ ಒಂದು ತಿಂಗಳು ತುಂಬೋದ್ರೊಳಗೆ ಡಿಸ್ಕ್ ಎಚ್ಚರಿಕೆ ಬಂದಿದ್ದು. ಅವತ್ತು ಆ ಹುಡುಗ ಹಬ್ಬದೂಟ ಮುಗಿಸಿ ನೆಟ್ಟಗೆ ಬಸ್ ಹತ್ತಿದ್ರೆ ಈ ಪೇಜ್‌ನಲ್ಲಿ ಬೇರೆ ಕಥೆ ಬರೀಬೇಕಿತ್ತು.

ಮೊದ್ಲೇ ಬೇರೆ ಏನಾದ್ರೂ ಸುಳಿವು ಕಂಡಿತ್ತಾ?

ಕಂಡಿತ್ತು, ನಮಗೆ ಅರ್ಥ ಆಗ್ಲಿಲ್ಲ. ಶುಕ್ರವಾರ ಮಧ್ಯಾಹ್ನ ನಮ್ಮ ಡಿಟಿಪಿ ಹುಡುಗಿ, "ಸಾರ್, ಹಳೇ ಬಿಲ್ ಬುಕ್ ಫೈಲ್ ತೆಗ್ಯಕ್ಕೋದ್ರೆ ಕೋರಲ್ ಹ್ಯಾಂಗ್ ಆಯ್ತದೆ, ಆಮೇಲೆ ತಾನೇ ಸರಿ ಹೋಯ್ತದೆ" ಅಂದ್ಲು. ಅರ್ಧ ನಿಮಿಷದ ಹತ್ರ ನಿಂತಿತ್ತಂತೆ. ಸಾಫ್ಟ್‌ವೇರ್ ತೊಂದ್ರೆ ಇರ್ಬೇಕು ಅಂತ ಸುಮ್ನಾದ್ವಿ.

ನಿಜಕ್ಕೂ ಆಗಿದ್ದು ಏನು ಅಂದ್ರೆ, ಡಿಸ್ಕ್‌ಗೆ ಒಂದು ಜಾಗ ಓದೋಕೆ ಕಷ್ಟ ಆದಾಗ ಅದು ಮತ್ತೆ ಮತ್ತೆ ಪ್ರಯತ್ನ ಪಡುತ್ತೆ, ಅಷ್ಟೊತ್ತು ಕೇಳಿದ ಕಂಪ್ಯೂಟರ್ ಕಾಯ್ತಾ ಕೂತಿರುತ್ತೆ. ನ್ಯಾಸ್‌ಗೆ ಅಂತ ಮಾಡಿರೋ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡ್ ನೋಡಿ ಆಗ್ತಿಲ್ಲ ಅಂತ ಹೇಳ್ಬಿಡ್ತವೆ, ಆಗ ರೇಡ್ ಪಕ್ಕದ ಡಿಸ್ಕಿಂದ ತಗೊಂಡು ಕೊಡುತ್ತೆ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್‌ಗಳು ಅಷ್ಟು ಬೇಗ ಬಿಡಲ್ಲ, ನಮ್ಮಲ್ಲಿದ್ದಿದ್ದು ಡೆಸ್ಕ್‌ಟಾಪ್ ಡಿಸ್ಕೇ. ಶುಕ್ರವಾರ ಅದು ಒದ್ದಾಡಿ ಹೆಂಗೋ ಓದಿ ಕೊಡ್ತು, ಅದಕ್ಕೆ ಅವತ್ತು ಎರರ್ ಲೆಕ್ಕಕ್ಕೆ ಬರ್ಲಿಲ್ಲ.

ಒಂದೇ ಫೋಲ್ಡರ್, ಒಂದೇ ಫೈಲ್ ಹತ್ರ ಹೋದಾಗೆಲ್ಲ ಎಳಿತಾ ಇದ್ರೆ, ಬೇರೆ ಫೈಲ್‌ಗಳು ಸಲೀಸಾಗಿ ತೆರೆದುಕೊಳ್ತಾ ಇದ್ರೆ, ಆಗ ಸಾಫ್ಟ್‌ವೇರ್ ಬಿಟ್ಟು ಡಿಸ್ಕ್ ಕಡೆ ನೋಡಿ.

ಹಂಗಾದ್ರೆ ಶನಿವಾರ ಬೆಳಗಿನ ಜಾವ ಯಾರೂ ಇಲ್ದಿರೋವಾಗ ಹೆಂಗೆ ಗೊತ್ತಾಯ್ತು ಅದಕ್ಕೆ?

ಪ್ರತಿ ಶನಿವಾರ ಬೆಳಗಿನ ಜಾವ ಮೂರಕ್ಕೆ ಲಾಂಗ್ ಟೆಸ್ಟ್ ಇಟ್ಟಿದ್ವಿ. ಆ ಟೆಸ್ಟ್‌ನಲ್ಲಿ ಡಿಸ್ಕ್ ತನ್ನ ತಟ್ಟೆನ ಮೊದಲಿಂದ ಕೊನೆವರೆಗೂ ತಾನೇ ಓದ್ಕೊಂಡು ಹೋಗುತ್ತೆ. ಪ್ರೆಸ್‌ನವ್ರಿಗೆ ಇದು ಬೇಕೇ ಬೇಕು, ಯಾಕಂದ್ರೆ ನಮ್ಮ ಫೈಲ್‌ಗಳಲ್ಲಿ ಮುಕ್ಕಾಲು ಪಾಲು ವರ್ಷಗಟ್ಟಲೆ ಯಾರೂ ಮುಟ್ಟಲ್ಲ. ಮುಟ್ಟದೇ ಇರೋ ಜಾಗ ಕೆಟ್ಟಿದ್ರೆ ಯಾರಿಗೂ ಗೊತ್ತಾಗಲ್ಲ, ಒಂದಿನ ಪಕ್ಕದ ಡಿಸ್ಕ್ ಹೋದಾಗ ಇದ್ರಿಂದ ಎಲ್ಲಾ ಓದ್ಬೇಕು ಅಂದ್ರೆ ಆವಾಗ ಗೊತ್ತಾಗುತ್ತೆ, ಅಷ್ಟೊತ್ತಿಗೆ ಎರಡನೇ ಕಾಪಿ ಇರಲ್ಲ. ನಮ್ದು ಟೆಸ್ಟ್ ಶುರುವಾಗಿ ಎರಡು ಗಂಟೆಗೆ ಕೆಟ್ಟ ಜಾಗ ಸಿಕ್ತು, ಅಲ್ಲಿಗೇ ಟೆಸ್ಟ್ ನಿಂತೋಯ್ತು. smartd ಅನ್ನೋ ಪ್ರೋಗ್ರಾಮ್ ಅರ್ಧ ಗಂಟೆಗೊಂದು ಸಲ ಡಿಸ್ಕ್ ಲೆಕ್ಕ ನೋಡುತ್ತೆ, ಅದು ಬದಲಾಗಿರೋದ್ನ ಕಂಡು ಮೇಲ್ ಹಾಕ್ತು.

ಮೇಲ್ ಬಂದ್ಮೇಲೆ ಮೊದಲು ಏನ್ ಮಾಡಿದ್ರಿ?

ಡಿಸ್ಕ್ ಬದಲಾಯಿಸಲಿಲ್ಲ. ಮೊದಲು ಫೈಲ್ ತೆಗ್ದಿಟ್ವಿ.

ಆ ವಾರಕ್ಕೆ ನಮ್ಮತ್ರ ಇಪ್ಪತ್ತೆರಡು ಲಗ್ನಪತ್ರಿಕೆ ಕೆಲಸ ಇತ್ತು. ಅದ್ರಲ್ಲಿ ಪಾಂಡವಪುರ ಕಡೆಯೋರ್ದು ಒಂದು, ಸುಖಾಗಮನ ಬಯಸುವವರು ಅಂತ ಕೆಳಗೆ ಅರವತ್ತು ಹೆಸ್ರು. ಮೂರು ಸಲ ಪ್ರೂಫ್ ಹೋಗಿ, ದೊಡ್ಡಪ್ಪನ ಹೆಸ್ರು ಚಿಕ್ಕಪ್ಪಂದಕ್ಕಿಂತ ಮೇಲೆ ಬರ್ಬೇಕು, ತೀರ್ಕೊಂಡಿರೋರ ಹೆಸ್ರಿನ ಹಿಂದೆ ದಿವಂಗತ ಅಂತ ಬರ್ಬೇಕು, ಎಲ್ಲಾ ತಿದ್ದಿ ಶುಕ್ರವಾರ ಸಂಜೆ ಓಕೆ ಆಗಿತ್ತು. ಆ ಫೈಲ್ ಹೋದ್ರೆ ಮತ್ತೆ ಆ ಮನೆಯವ್ರನ್ನ ಕರ್ಸಿ ಅರವತ್ತು ಹೆಸ್ರು ಬರ್ಸ್ಕೊಳ್ಳೋದು ಒಂದು, ಅದ್ರಲ್ಲಿ ಒಂದು ಹೆಸ್ರು ಬಿಟ್ಟೋದ್ರೆ ಆ ಮನೇಲಿ ಆಗೋ ಮನಸ್ತಾಪ ಇನ್ನೊಂದು. ಅದಕ್ಕೇ ಬಾಮೈದ ಮೊದಲು ಕೇಳಿದ್ದು, "ಭಾವ, ಇವತ್ತು ಹೋದ್ರೆ ನಾಳೆ ಅಂಗಡಿ ನಿಂತೋಗೋ ಫೋಲ್ಡರ್ ಯಾವ್ದು?" ಅಂತ.

ನಡೀತಿರೋ ಕೆಲಸದ ಫೋಲ್ಡರ್ 210 ಜಿಬಿ. ಒಂದು ಯುಎಸ್‌ಬಿ ಡಿಸ್ಕ್ ಹಾಕಿ, ಅವ್ನು ಬೆಂಗಳೂರಿಂದಾನೇ ಲಾಗಿನ್ ಆಗಿ ಇದನ್ನ ಓಡಿಸ್ದ:

```
rsync -a --info=progress2 /srv/press/running/ /mnt/usb/running/
```

ಒಂದು ಗಂಟೆ ಹತ್ರ ಹಿಡೀತು. ಆಮೇಲೆ ಫಾಂಟ್ ಫೋಲ್ಡರ್. ಇದನ್ನ ತುಂಬಾ ಜನ ಮರೀತಾರೆ ಕಣ್ರಿ, ನಮ್ಮ ಹಳೇ ಫೈಲ್‌ಗಳೆಲ್ಲ ಯೂನಿಕೋಡ್ ಅಲ್ದಿರೋ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿರೋದು, ಆ ಫಾಂಟ್ ಇಲ್ದೇ ತೆಗೆದ್ರೆ ಕನ್ನಡದ ಜಾಗದಲ್ಲಿ ಅರ್ಥ ಇಲ್ದಿರೋ ಇಂಗ್ಲಿಷ್ ಅಕ್ಷರ ಬರ್ತವೆ. ಅದಾದ್ಮೇಲೆ ಉಳಿದಿದ್ದೆಲ್ಲ, ಅದು ಮಧ್ಯಾಹ್ನದವರೆಗೂ ಓಡ್ತು. ಅಷ್ಟೊತ್ತೂ ಯಾರೂ ನ್ಯಾಸ್ ಮೇಲೆ ಹೊಸದಾಗಿ ಏನೂ ಸೇವ್ ಮಾಡ್ಬಾರ್ದು ಅಂತ ಹೇಳಿದ್ದೆ, ಅವತ್ತಿನ ಕೆಲಸ ಅವರವರ ಕಂಪ್ಯೂಟರ್‌ನಲ್ಲೇ ಇಟ್ಕೊಂಡ್ರು.

ರೇಡ್ ಇತ್ತಲ್ಲ, ಇನ್ನೊಂದು ಡಿಸ್ಕ್‌ನಲ್ಲಿ ಎಲ್ಲಾ ಇತ್ತಲ್ಲ, ಮತ್ತೆ ಕಾಪಿ ಯಾಕೆ?

ಎರಡು ಡಿಸ್ಕೂ ಒಂದೇ ದಿನ, ಒಂದೇ ಅಂಗಡೀಲಿ ತಗೊಂಡಿದ್ದು. ಅಷ್ಟೇ ವಯಸ್ಸು, ಅಷ್ಟೇ ಬಿಸಿ, ಅಷ್ಟೇ ಕರೆಂಟ್ ಏರಿಳಿತ ತಿಂದಿದಾವೆ. ಒಂದಕ್ಕೆ ಆಗಿದ್ದು ಇನ್ನೊಂದಕ್ಕೆ ಆಗಲ್ಲ ಅಂತ ಯಾರು ಹೇಳ್ತಾರೆ? ಹೊಸ ಡಿಸ್ಕ್‌ಗೆ ತುಂಬಿಸೋವಾಗ ಉಳಿದಿರೋ ಡಿಸ್ಕ್‌ನ ಒಂದೇ ಸಮ ಗಂಟೆಗಟ್ಟಲೆ ಓದಿಸ್ತೀವಿ, ಅದ್ರಲ್ಲಿ ಬಚ್ಚಿಟ್ಕೊಂಡಿರೋ ತೊಂದ್ರೆ ಹೊರಗೆ ಬರೋದೂ ಆವಾಗ್ಲೇ. ಪುಣ್ಯಕ್ಕೆ ಅದೇ ಬೆಳಗ್ಗೆ ನಮ್ಮ ಎರಡನೇ ಡಿಸ್ಕ್ ಲಾಂಗ್ ಟೆಸ್ಟ್ ಪೂರ್ತಿ ಮುಗಿಸಿ `Completed without error` ಅಂತ ತೋರಿಸ್ತು. ಅದನ್ನ ನೋಡಿದ್ಮೇಲೆ ನಂಗೆ ತಿಂಡಿ ಗಂಟಲಲ್ಲಿ ಇಳೀತು.

ಯಾರಾದ್ರೂ ತಪ್ಪಿ ಫೈಲ್ ಡಿಲೀಟ್ ಮಾಡಿದ್ರೆ ರೇಡ್ ಎರಡೂ ಕಡೆ ಡಿಲೀಟ್ ಮಾಡುತ್ತೆ, ಅದೂ ಗೊತ್ತಿರ್ಲಿ.

ಡಿಸ್ಕ್ ನಿಜವಾಗ್ಲೂ ಕೆಟ್ಟಿದ್ಯಾ ಇಲ್ವಾ ಅಂತ ಹೆಂಗೆ ನೋಡೋದು?

```
sudo smartctl -a /dev/sdb
```

ಇದು ಉದ್ದಕ್ಕೆ ಬರುತ್ತೆ, ನೋಡ್ಬೇಕಾಗಿರೋದು ನಾಲ್ಕೇ ಸಾಲು, ಕೊನೇಲಿರೋ ನಂಬರ್ ಮಾತ್ರ. ನಮ್ದು ಶನಿವಾರ ಏಳು ಗಂಟೆಗೆ ಹಿಂಗಿತ್ತು, ಮಧ್ಯದ ಕಾಲಮ್‌ಗಳನ್ನ ಬಿಟ್ಟಿದೀನಿ:

```
  5 Reallocated_Sector_Ct   0
197 Current_Pending_Sector  8
198 Offline_Uncorrectable   8
199 UDMA_CRC_Error_Count    0
```

5, 197, 198 ಈ ಮೂರು ತಟ್ಟೆಗೆ ಸಂಬಂಧಪಟ್ಟಿದ್ದು. 199 ಮಾತ್ರ ಏರ್ತಾ ಇದ್ದು ಉಳಿದಿದ್ದೆಲ್ಲ ಸೊನ್ನೆ ಇದ್ರೆ, ಬಹಳಷ್ಟು ಸಲ ಅದು ಕೇಬಲ್ ಸಡಿಲ ಆಗಿರೋದು, ಡಿಸ್ಕ್ ಎಸೀಬೇಡಿ, ಮೊದಲು ಸಾಟಾ ಕೇಬಲ್ ಬದಲಾಯಿಸಿ.

ಇನ್ನೊಂದು ಮುಖ್ಯ. ಇದೇ ರಿಪೋರ್ಟಿನ ಮೇಲ್ಗಡೆ `PASSED` ಅಂತ ಇತ್ತು! ನಮ್ಮ ಡಿಸ್ಕ್ ಕಡೇವರೆಗೂ ಪಾಸ್ ಅಂತಾನೇ ತೋರಿಸ್ತಿತ್ತು. ಕಂಪನಿಯೋರು ಇಟ್ಟಿರೋ ಮಿತಿ ದಾಟಿದ್ರೆ ಮಾತ್ರ ಅದು ಫೇಲ್ ಅಂತ ಬರೋದು, ಆ ಮಿತಿ ತುಂಬಾ ಸಡಿಲವಾಗಿರುತ್ತೆ. ಅಂಗಡಿಗೆ ಬಂದ ಯಾವನೋ ಟೆಕ್ನಿಷಿಯನ್ ಆ ಒಂದು ಪದ ನೋಡಿ "ಏನೂ ಇಲ್ಲ ಬುಡಿ ಅಣ್ಣ" ಅಂದ್ರೆ, ಕೆಳಗಿನ ಸಾಲು ತೋರ್ಸು ಅನ್ನಿ.

ಒಂದು ಸಲ ನೋಡಿ ಬಿಡೋದಲ್ಲ, ಏರ್ತಿದ್ಯಾ ಅಂತ ನೋಡ್ಬೇಕು. ನಮ್ದು ಬೆಳಗ್ಗೆ ಏಳಕ್ಕೆ 8, ಮಧ್ಯಾಹ್ನ 56, ಸಂಜೆ ನಾಲ್ಕಕ್ಕೆ 312. ಅಷ್ಟೊತ್ತಿಗೆ ಯಾರಿಗೂ ಅನುಮಾನ ಉಳಿದಿರ್ಲಿಲ್ಲ.

ಹೊಸ ಡಿಸ್ಕ್ ಎಲ್ಲಿ ತಗೊಂಡ್ರಿ, ಎಂಥದ್ದು ತಗೋಬೇಕು?

ಮಂಡ್ಯದಲ್ಲಿ ಅವತ್ತು ನಮಗೆ ಬೇಕಾಗಿದ್ದು ಸಿಗ್ಲಿಲ್ಲ, ಮೈಸೂರಿಂದ ತರ್ಸಿದ್ವಿ. ಬರೀ 4 ಟಿಬಿ ಅಂತ ಕೇಳ್ಬೇಡಿ, ಸಿಎಂಆರ್ ಡಿಸ್ಕ್ ಬೇಕು ಅಂತ ಕೇಳಿ, ಅದ್ರಲ್ಲಿ ಮಾಹಿತಿ ಬರೆಯೋ ಗೆರೆಗಳು ಪಕ್ಕಪಕ್ಕ ಬಿಡಿಬಿಡಿಯಾಗಿರ್ತವೆ. ಎಸ್‌ಎಂಆರ್ ಅನ್ನೋ ಥರದ್ರಲ್ಲಿ ಗೆರೆಗಳು ಮನೆ ಹೆಂಚಿನ ಥರ ಒಂದರ ಮೇಲೊಂದು ಹತ್ತಿರ್ತವೆ, ಒಂದು ಕಡೆ ಬದಲಾಯಿಸ್ಬೇಕು ಅಂದ್ರೆ ಪಕ್ಕದ್ದೂ ಮತ್ತೆ ಬರೀಬೇಕು, ರೇಡ್ ತುಂಬಿಸೋವಾಗ ತುಂಬಾ ನಿಧಾನ ಆಗ್ಬಿಡುತ್ತೆ. ಡಬ್ಬಿ ಮೇಲೆ ಬರ್ದಿರಲ್ಲ, ಮಾಡೆಲ್ ನಂಬರ್ ಹಾಕಿ ಕಂಪನಿ ಡೇಟಾ ಶೀಟ್‌ನಲ್ಲಿ ನೋಡ್ಬೇಕು. ಸೈಜು ಹಳೇದಕ್ಕಿಂತ ಒಂದು ಚೂರೂ ಕಮ್ಮಿ ಇರ್ಬಾರ್ದು.

ಕೆಟ್ಟಿರೋ ಡಿಸ್ಕ್ ಕಿತ್ತು ಹೊಸದು ಹಾಕೋದು ತಾನೇ?

ಹಂಗೆ ಮಾಡೋರೇ ಜಾಸ್ತಿ, ಆದ್ರೆ ಪೆಟ್ಟಿಗೇಲಿ ಇನ್ನೊಂದು ಸಾಟಾ ಪೋರ್ಟ್ ಖಾಲಿ ಇದ್ರೆ ಹಂಗೆ ಮಾಡ್ಬೇಡಿ. ಕೆಟ್ಟ ಡಿಸ್ಕ್‌ನ ಮೊದಲೇ ಕಿತ್ರೆ ಆ ಕ್ಷಣದಿಂದ ನೀವು ಒಂದೇ ಡಿಸ್ಕ್ ನಂಬ್ಕೊಂಡು ಕೂತಂಗೆ. ಕೆಟ್ಟ ಡಿಸ್ಕ್ ಅಂದ್ರೂ ಅದ್ರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇನ್ನೂ ಚೆನ್ನಾಗಿ ಓದುತ್ತೆ, ಅದನ್ನ ಇಟ್ಕೊಂಡೇ ಹೊಸದಕ್ಕೆ ತುಂಬಿಸ್ಬಹುದು. ಓದೋಕಾಗದ ಜಾಗ ಬಂದಾಗ ಅದಷ್ಟನ್ನ ಮಾತ್ರ ಚೆನ್ನಾಗಿರೋ ಡಿಸ್ಕಿಂದ ತಗೊಳುತ್ತೆ.

ನಮ್ದು ಕೇಸ್‌ನಲ್ಲಿ ಮೂರನೇ ಡಿಸ್ಕ್‌ಗೆ ಜಾಗ ಇತ್ತು. ಕಾಪಿ ಎಲ್ಲಾ ಮುಗಿದ್ಮೇಲೆ, ಸರಿಯಾಗಿ ಶಟ್‌ಡೌನ್ ಮಾಡಿ ಹೊಸ ಡಿಸ್ಕ್ ಸಿಕ್ಕಿಸಿ ಆನ್ ಮಾಡಿದ್ವಿ. ಆಫ್ ಮಾಡ್ಬೇಡಿ ಅಂದೋನೇ ಆಫ್ ಮಾಡ್ಸಿದ್ನಲ್ಲ ಅಂತ ಕೆಲವರು ಕೇಳ್ತಾರೆ. ಕಾಯಿಲೆ ಬಿದ್ದಿರೋ ಡಿಸ್ಕ್ ಒಂದು ಸಲ ನಿಂತ್ರೆ ಮತ್ತೆ ತಿರುಗುತ್ತೆ ಅಂತ ಗ್ಯಾರಂಟಿ ಇರಲ್ಲ, ಬೆಳಗ್ಗೆ ನಮ್ಮ ಕೈಲಿ ಕಾಪಿ ಇರ್ಲಿಲ್ಲ, ಸಂಜೆಗೆ ಇತ್ತು, ಅಷ್ಟೇ ವ್ಯತ್ಯಾಸ. ನಮ್ಮ ಅದೃಷ್ಟಕ್ಕೆ ಆವಾಗ ಎದ್ದು ತಿರುಗ್ತು.

ಆನ್ ಆದ್ಮೇಲೆ ಹೆಸ್ರು ನೋಡ್ಕೊಳ್ಳಿ, ಡಿಸ್ಕ್ ಸೇರಿಸಿದ್ರೆ sdb, sdc ಅನ್ನೋ ಹೆಸ್ರು ಅದಲು ಬದಲಾಗ್ಬಹುದು:

```
lsblk -o NAME,SIZE,MODEL,SERIAL
```

ಸೀರಿಯಲ್ ನಂಬರ್ ಡಿಸ್ಕ್ ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತೆ. ಎರಡೂ ತಾಳೆ ಹಾಕಿ ಒಂದು ಹಾಳೇಲಿ ಬರ್ಕೊಂಡು, ಕೆಟ್ಟಿದ್ದು ಯಾವ್ದು ಅಂತ ಟೇಪ್ ಅಂಟಿಸಿ ಗುರುತು ಮಾಡಿದ್ವಿ. ಚೆನ್ನಾಗಿರೋ ಡಿಸ್ಕ್ ಕಿತ್ತು ಕೆಟ್ಟಿದ್ದನ್ನ ಒಳಗೇ ಬಿಟ್ಟಿರೋ ಕಥೆ ನಮ್ಮೂರಲ್ಲೇ ಒಬ್ರು ಹೇಳಿದಾರೆ, ಅವ್ರ ಐದು ವರ್ಷದ ಫೈಲ್ ಹಂಗೇ ಹೋಯ್ತು. ಆಮೇಲೆ ಇದು, ನಮ್ಮಲ್ಲಿ ಹೊಸದು sdd ಆಗಿ ಬಂದಿತ್ತು:

```
sudo mdadm /dev/md0 --add /dev/sdd
sudo mdadm /dev/md0 --replace /dev/sdb --with /dev/sdd
cat /proc/mdstat
```

ನಿಮ್ಮಲ್ಲಿ ಹೆಸ್ರು ಬೇರೆ ಇರುತ್ತೆ, ಡಿಸ್ಕ್ ಬದ್ಲು ಪಾರ್ಟಿಷನ್ ಮೇಲೆ ರೇಡ್ ಕಟ್ಟಿದ್ರೆ ಹೊಸ ಡಿಸ್ಕ್‌ಗೂ ಮೊದಲು ಪಾರ್ಟಿಷನ್ ಮಾಡ್ಬೇಕು, ಕುರುಡಾಗಿ ಇದನ್ನೇ ಹಾಕ್ಬೇಡಿ. ಕೊನೇ ಸಾಲು ಎಷ್ಟು ಪರ್ಸೆಂಟ್ ಆಯ್ತು ಅಂತ ತೋರಿಸುತ್ತೆ. ಅದ್ರಲ್ಲಿ `[UU]` ಇದ್ರೆ ಎರಡೂ ಕೆಲಸ ಮಾಡ್ತಿದಾವೆ, `[U_]` ಥರ ಅಡ್ಡಗೆರೆ ಬಂದ್ರೆ ಒಂದು ಹೋಗಿದೆ ಅಂತ.

ಖಾಲಿ ಪೋರ್ಟ್ ಇಲ್ದೇ, ಎರಡೇ ಡಿಸ್ಕ್‌ಗೆ ಜಾಗ ಇರೋ ರೆಡಿಮೇಡ್ ಪೆಟ್ಟಿಗೆ ಆದ್ರೆ ಕಿತ್ತೇ ಹಾಕ್ಬೇಕು, ಬೇರೆ ದಾರಿ ಇಲ್ಲ. ಅದಕ್ಕೇ ಮೊದಲು ಕಾಪಿ ಅಂತ ಅಷ್ಟೊಂದು ಹೇಳ್ತಿರೋದು.

ಎಷ್ಟೊತ್ತು ಹಿಡೀತು?

ಐದು ಗಂಟೆಗೆ ಶುರು ಮಾಡಿದ್ದು ರಾತ್ರಿ ಮೂರರ ಹೊತ್ತಿಗೆ ಮುಗೀತು. ಫೈಲ್ 1.6 ಟಿಬಿ ಇದ್ರೂ ರೇಡ್ ಖಾಲಿ ಜಾಗ ಸೇರಿ ಪೂರ್ತಿ 4 ಟಿಬಿ ತುಂಬಿಸುತ್ತೆ, ಸೆಕೆಂಡಿಗೆ 120 ಎಂಬಿ ಅಂತ ಹಿಡಿದ್ರೂ ಒಂಬತ್ತು ಗಂಟೆ ಮೇಲಾಗುತ್ತೆ. ಮಧ್ಯೆ ಕರೆಂಟ್ ಇಪ್ಪತ್ತು ನಿಮಿಷ ಹೋಯ್ತು, ಯುಪಿಎಸ್ ಹಿಡ್ಕೊಳ್ತು.

ನಾನು ಮನೆಗೆ ಹೋಗ್ಲಿಲ್ಲ. ಅಂಗಡೀಲೇ ಪೇಪರ್ ರೀಮ್ ಪಕ್ಕ ಚಾಪೆ ಹಾಕ್ಕೊಂಡಿದ್ದೆ. ಮಾಡೋಕೆ ಕೆಲಸ ಏನೂ ಇರ್ಲಿಲ್ಲ ನಿಜ, ಆದ್ರೂ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ. ಆ ಪೆಟ್ಟಿಗೇಲಿ 2014ರಲ್ಲಿ ಸ್ಕ್ಯಾನ್ ಮಾಡಿದ ಒಂದು ಫೋಟೋ ಇದೆ, ಗೆದ್ದಲು ತಿಂದಿದ್ದ ಒಂದು ಅಜ್ಜಿ ಫೋಟೋ, ಮೂಲ ಫೋಟೋ ಆಮೇಲೆ ಆ ಮನೆಯವ್ರ ಹತ್ರಾನೂ ಉಳೀಲಿಲ್ಲ. ಪ್ರತಿ ವರ್ಷ ಪುಣ್ಯತಿಥಿಗೆ ಅವ್ರ ಮಗ ಬಂದು ಅದನ್ನ ಪ್ರಿಂಟ್ ಹಾಕಿಸ್ಕೊಂಡು ಹೋಗ್ತಾರೆ. ಅಂಥವೆಲ್ಲ ನೆನಪಾಗ್ತಾ ಇತ್ತು.

ಆ ಕೆಟ್ಟ ಡಿಸ್ಕ್ ಕೊನೆಗೆ ಏನಾಯ್ತು?

ಕೆಲಸ ಮುಗಿದಾಗ ಪೆಂಡಿಂಗ್ ಲೆಕ್ಕ 1,104 ಆಗಿತ್ತು. ರೇಡ್ ಅದನ್ನ ಕೆಟ್ಟಿದ್ದು ಅಂತ ತಾನೇ ಗುರುತು ಮಾಡಿತ್ತು, `--remove` ಕೊಟ್ಟು ತೆಗೆದ್ವಿ. ಭಾನುವಾರ ಮಧ್ಯಾಹ್ನ ಕುತೂಹಲಕ್ಕೆ ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿದ್ರೆ ಟಿಕ್ ಟಿಕ್ ಅಂತ ಸದ್ದು, ಡಿಸ್ಕೇ ಕಾಣಿಸ್ಲಿಲ್ಲ. ಮೇಲ್ ಬಂದು ಒಂದೂವರೆ ದಿನ ಆಗಿತ್ತು ಅಷ್ಟೆ.

ವಾರಂಟಿ ಇದ್ಯಾ ಅಂತ ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟ್‌ನಲ್ಲಿ ನೋಡ್ಬಹುದು. ಇದ್ದಿದ್ರೂ ನಾನು ಕಳಿಸ್ತಿರ್ಲಿಲ್ಲ. ಪ್ರೆಸ್ ಡಿಸ್ಕ್ ಅಂದ್ರೆ ಜನರ ಆಧಾರ್ ಕಾಪಿ, ಮಾರ್ಕ್ಸ್ ಕಾರ್ಡು, ಸ್ಕೂಲ್ ಪ್ರಶ್ನೆಪತ್ರಿಕೆ ಎಲ್ಲಾ ಇರುತ್ತೆ, ತಿರುಗದೇ ಇರೋ ಡಿಸ್ಕ್‌ನ ಅಳಿಸೋಕೂ ಆಗಲ್ಲ. ಡ್ರಿಲ್ ಹಾಕಿ ತಟ್ಟೆಗೆ ಮೂರು ತೂತು ಹೊಡ್ಸಿ ಆಮೇಲೆ ಗುಜರಿಗೆ ಹಾಕಿದ್ದು.

ನಮ್ಮ ನ್ಯಾಸ್‌ನಲ್ಲೂ ಹಿಂಗೆ ಮೇಲ್ ಬರೋ ಹಂಗೆ ಹೆಂಗೆ ಮಾಡೋದು?

ರೆಡಿಮೇಡ್ ನ್ಯಾಸ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅಂತ ಇರುತ್ತೆ, ಅಲ್ಲಿ ಮೇಲ್ ಹಾಕಿ ಟೆಸ್ಟ್ ಬಟನ್ ಒತ್ತಿ. ನಮ್ಮ ಥರ ಲಿನಕ್ಸ್ ಆದ್ರೆ `/etc/smartd.conf`ನಲ್ಲಿ DEVICESCAN ಸಾಲು ಹಿಂಗಿರ್ಬೇಕು:

```
DEVICESCAN -a -s L/../../6/03 -m nimma-mail@example.com -M daily -M test
```

`6/03` ಅಂದ್ರೆ ಶನಿವಾರ ಬೆಳಗಿನ ಜಾವ ಮೂರಕ್ಕೆ ಲಾಂಗ್ ಟೆಸ್ಟ್. ರಾತ್ರಿ ಪೆಟ್ಟಿಗೆ ಆಫ್ ಮಾಡೋರು ಅದು ಆನ್ ಇರೋ ಟೈಮ್ ಕೊಡಿ. `-M daily` ಹಾಕಿದ್ರೆ ತೊಂದ್ರೆ ಇರೋವರೆಗೂ ದಿನಕ್ಕೊಂದು ಸಲ ಮೇಲ್ ಬರುತ್ತೆ, ಇಲ್ದಿದ್ರೆ ಕೆಲವು ಕಡೆ ಒಂದೇ ಸಲ ಕಳ್ಸಿ ಸುಮ್ನಾಗುತ್ತೆ, ಮದುವೆ ಗಲಾಟೇಲಿ ಆ ಒಂದು ಮೇಲ್ ಕೆಳಗೆ ಹೋಗ್ಬಿಟ್ರೆ ಮುಗೀತು. `-M test` ಇದ್ರೆ smartd ಶುರುವಾದಾಗೆಲ್ಲ ಪ್ರತಿ ಡಿಸ್ಕಿಗೂ ಒಂದು ಟೆಸ್ಟ್ ಮೇಲ್ ಬರುತ್ತೆ. ಕಂಪ್ಯೂಟರ್‌ನಿಂದ ಮೇಲ್ ಹೊರಗೆ ಹೋಗೋ ವ್ಯವಸ್ಥೆ ಬೇರೆ ಮಾಡ್ಬೇಕು, ನಾವು msmtp ಹಾಕಿದೀವಿ, `smtp.gmail.com`, ಪೋರ್ಟ್ 587. ಆ್ಯಪ್ ಪಾಸ್‌ವರ್ಡ್ ಬೇಕು ಅಂದ್ರೆ ಜಿಮೇಲ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಇರ್ಲೇಬೇಕು.

ಮೇಲ್ ಬರೋ ವಿಳಾಸ ದಿನಾ ನೋಡೋದಾಗಿರ್ಲಿ. ನಮ್ದೀಗ ಇಬ್ಬರಿಗೆ ಹೋಗುತ್ತೆ, ನಂಗೂ, ಬಾಮೈದಂಗೂ. ಪ್ರತಿ ತಿಂಗಳು ಒಂದನೇ ತಾರೀಖು, ಬಾಡಿಗೆ ಕೊಡೋ ದಿನ, smartd ರೀಸ್ಟಾರ್ಟ್ ಮಾಡಿ ಟೆಸ್ಟ್ ಮೇಲ್ ಬಂತಾ ಅಂತ ನೋಡ್ತೀನಿ. ಕ್ಯಾಲೆಂಡರ್ ಮೇಲೆ ಪೆನ್ನಲ್ಲಿ ಬರ್ದಿದೀನಿ.

ಮೇಲ್ ಬಂದಿಲ್ಲ ಅಂದ್ರೆ ಡಿಸ್ಕ್ ಚೆನ್ನಾಗಿದೆ ಅಂತ ನಂಬ್ಬಹುದಾ?

ಇಲ್ಲ. ನಾನು ಮೇಲೆ ಹೇಳಿದ ಅದೇ ಗೂಗಲ್ ಅಧ್ಯಯನದಲ್ಲಿ, ಕೆಟ್ಟೋದ ಡಿಸ್ಕ್‌ಗಳಲ್ಲಿ ನೂರಕ್ಕೆ 36ಕ್ಕಿಂತ ಜಾಸ್ತಿ, ಟೆಂಪರೇಚರ್ ಲೆಕ್ಕ ಪಕ್ಕಕ್ಕಿಟ್ಟು ನೋಡಿದ್ರೆ, ಯಾವ ಸುಳಿವೂ ಕೊಡ್ದೇ ಹೋಗಿದ್ವು. ಸರ್ಕ್ಯೂಟ್ ಬೋರ್ಡ್ ಸುಟ್ಟೋದ್ರೆ, ಕೆಳಗೆ ಬಿದ್ರೆ, ಯಾವ ಮೇಲೂ ಬರಲ್ಲ. ಅದಕ್ಕೆ ಈಗ ಎರಡು ಯುಎಸ್‌ಬಿ ಡಿಸ್ಕ್ ಇಟ್ಟಿದೀವಿ, ಒಂದು ಅಂಗಡೀಲಿ, ಒಂದು ಮನೇಲಿ, ಪ್ರತಿ ಭಾನುವಾರ ಅದಲು ಬದಲು.

ಆ ಪಾಂಡವಪುರದ ಲಗ್ನಪತ್ರಿಕೆ?

ಸೋಮವಾರ ಬೆಳಗ್ಗೆ ಪ್ಲೇಟ್ ಹಾಕಿ ಎಂಟುನೂರು ಕಾರ್ಡ್ ಓಡಿಸಿದ್ವಿ. ಹುಡುಗಿ ಅಪ್ಪ ಬಂದು ಒಂದು ಕಾರ್ಡ್ ಬಿಚ್ಚಿ, ಕನ್ನಡಕ ಏರಿಸ್ಕೊಂಡು, ಅರವತ್ತು ಹೆಸ್ರೂ ಬೆರಳಿಟ್ಟು ಓದಿದ್ರು. "ಎಲ್ಲಾ ಸರಿಯಾಗವೆ ಕಣಪ್ಪಾ" ಅಂದು ಬಾಕಿ ದುಡ್ಡು ಕೊಟ್ಟು ಕಟ್ಟು ಎತ್ಕೊಂಡ್ರು.